ಐವತ್ತು ಕಿಲೋ ಮೆಣಸು

ಗೋಣಿಕೊಪ್ಪಲಿನಲ್ಲಿ ಹುಟ್ಟಿ ಬೆಳೆದವನು ಮೆಣಸು ಎಲ್ಲಿ ಸಿಕ್ಕುತ್ತದೆ ಎಂದು ಕೇಳಿಕೊಂಡು ತಿರುಗಿದನೆಂದರೆ ಕೇಳಿದವರು ನಗುತ್ತಾರೆ. ಊರ ಸುತ್ತಲೂ ಕಾಫಿಯ ತೋಟ. ಕಾಫಿಗೆ ನೆರಳು ಕೊಡುವ ಮರಮರಕ್ಕೂ ಮೆಣಸಿನ ಬಳ್ಳಿ. ಪೇಟೆಗೆ ಬಂದರೆ ಎ.ಪಿ.ಎಂ.ಸಿ. ಅಂಗಳ, ಅದರ ಆಚೆ ಈಚೆ ಮಂಡಿಗಳು. ಹೀಗಿದ್ದೂ ಕಳೆದ ಕಾರ್ತಿಕದಲ್ಲಿ ಐವತ್ತು ಕಿಲೋ ಮೆಣಸಿಗಾಗಿ ನಾನು ಮೂರು ವಾರ ಅಲೆದೆ. ಅಲೆದದ್ದಷ್ಟೇ ಅಲ್ಲ, ಮೂರು ಸಾವಿರದ ನೂರೈವತ್ತು ರೂಪಾಯಿ ಕಳೆದುಕೊಂಡೆ. ಆ ಕಥೆಯನ್ನು ಇಲ್ಲಿ ಬರೆಯಬೇಕೆಂದು ನನ್ನ ಮಿತ್ರರು ಒತ್ತಾಯಪಡಿಸಿದರು. ಅವರಲ್ಲಿ ಇಬ್ಬರ ಮನೆಯಲ್ಲಿ ಅಂಗಡಿಯಿದೆ. ಒಬ್ಬನಿಗೆ ನನ್ನನ್ನು ಕಂಡು ನಗುವುದೇ ಒಂದು ಕೆಲಸ.

ನಮ್ಮ ಅವ್ವನದು ರಸ್ತೆಯಂಚಿನ ಪುಟ್ಟ ಅಂಗಡಿ. ಮೈಸೂರಿನಿಂದ ಬಂದು ಇರ್ಪು ಜಲಪಾತದ ಕಡೆಗೋ ನಾಗರಹೊಳೆಯ ಕಡೆಗೋ ಹೋಗುವ ಪ್ರವಾಸಿಗಳು ಅಲ್ಲಿ ಗಾಡಿ ನಿಲ್ಲಿಸಿ ಚಹ ಕುಡಿದು, ಕಾಫಿಪುಡಿ, ಏಲಕ್ಕಿ, ಮೆಣಸು ಇವುಗಳ ಸಣ್ಣ ಪೊಟ್ಟಣಗಳನ್ನು ಕೊಂಡುಕೊಂಡು ಹೋಗುತ್ತಾರೆ. ಎರಡು ವರ್ಷ ಅವ್ವ ಪೇಟೆಯ ದಿನಸಿ ಅಂಗಡಿಯಿಂದ ಎರಡೆರಡು ಕಿಲೋ ಚಿಲ್ಲರೆ ದರಕ್ಕೆ ತಂದು ಪೊಟ್ಟಣ ಕಟ್ಟಿದಳು. ಲಾಭವೆಂಬುದು ಪೊಟ್ಟಣದ ಕಾಗದಕ್ಕೂ ದಾರಕ್ಕೂ ಸರಿಹೋಗುತ್ತಿತ್ತು. ಡಿಸೆಂಬರಿನ ರಜೆಗೆ ಜನ ಬರುವ ಮುಂಚೆ ಒಂದು ಚೀಲವನ್ನೇ ಸಗಟಾಗಿ ತಂದುಬಿಡೋಣವೆಂದು ಅವಳು ನಿರ್ಧರಿಸಿ, ಸ್ವಸಹಾಯ ಸಂಘದಿಂದ ಮೂವತ್ತೈದು ಸಾವಿರ ಸಾಲವೆತ್ತಿದಳು. ಹಣವನ್ನು ನನ್ನ ಮುಂದಿಟ್ಟು, “ಓದಿದವನು ನೀನು. ಎಲ್ಲಿಂದ ತರೋದು ಅಂತ ನೋಡು ಮಗಾ” ಎಂದಳು. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೊಬ್ಬನೇ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆಯ ರೇಖೆಯನ್ನು ಎಷ್ಟೋ ಸಲ ಎಳೆದಿದ್ದೆ. ಚೀಲದೊಳಕ್ಕೆ ಕೈಹಾಕಿದ್ದು ಒಮ್ಮೆಯೂ ಇಲ್ಲ.

ಮೊದಲು ಮಂಡಿಗೆ ಹೋದೆ. ಮಂಡಿಯವರು ಕೆಟ್ಟವರಲ್ಲ, ಆದರೆ ಅವರ ಕಣ್ಣಿನ ಅಳತೆ ಬೇರೆ. ಲಾರಿ ತುಂಬಿಸುವವರಿಗೆ ಐವತ್ತು ಕಿಲೋದವನು ಗಿರಾಕಿಯಲ್ಲ, ದಾರಿ ಕೇಳಲು ಬಂದವನು. ಒಬ್ಬರು ಕಿಲೋಗೆ 710 ಎಂದರು. ಬೆಳೆಗಾರರಿಂದ ಅವರು ಆ ವಾರ ಕೊಳ್ಳುತ್ತಿದ್ದ ದರ 670ರ ಆಸುಪಾಸು. ಐವತ್ತು ಕಿಲೋಗೆ 35,500 ಆಯಿತು, ಸಾಲದ ಹಣಕ್ಕಿಂತ ಐನೂರು ಹೆಚ್ಚು. ಅದೂ ಹೋಗಲಿ, ಮೂಲೆಯಲ್ಲಿ ಅರ್ಧ ಬಿಚ್ಚಿದ್ದ ಚೀಲವೊಂದನ್ನು ತೋರಿಸಿ “ಇದರಲ್ಲೇ ತೂಗಿಕೊಡ್ತೇನೆ” ಎಂದರು. ಹಲವು ಚೀಲಗಳ ತಳದಲ್ಲಿ ಉಳಿದದ್ದು ಒಂದಾಗಿ ಸೇರುವ ಚೀಲ ಅದೆಂದು ನನಗೆ ಆಗ ತಿಳಿಯದು. ಸಣ್ಣ ಗಿರಾಕಿಗೆ ಸಾಮಾನ್ಯವಾಗಿ ಸಿಗುವುದು ಅದೇ.

ಅಂಗಳದಲ್ಲಿ ಮೂಟೆ ಹೊರುತ್ತಿದ್ದ ಹಿರಿಯ ಹಮಾಲಿಯೊಬ್ಬರು ನನ್ನ ಪೆಚ್ಚುಮುಖವನ್ನು ಕಂಡು ಬೀಡಿ ಹಚ್ಚಿಕೊಂಡು ಮಾತಿಗೆ ಬಂದರು. “ಯಾರ ಮೆಣಸು ಒಳ್ಳೇದು ಅಂತ ಸಾಹುಕಾರರನ್ನ ಕೇಳಿದ್ರೆ ಏನು ಹೇಳ್ತಾರೆ? ಹೊರೋ ನಮ್ಮನ್ನ ಕೇಳು. ಒಂದೇ ಅಳತೆಯ ಚೀಲ, ಒಬ್ಬರದ್ದು ಹೆಗಲು ಒತ್ತುತ್ತೆ, ಇನ್ನೊಬ್ಬರದ್ದು ಹಗುರ,” ಎಂದರು. ಯಾರ ಚೀಲ ಹೆಗಲನ್ನು ಒತ್ತುತ್ತದೆ ಎಂದು ಕೇಳಿ ಎರಡು ಮನೆಗಳ ಗುರುತನ್ನು ಬರೆದುಕೊಂಡೆ. ಬರೆದುಕೊಂಡದ್ದೇ ಹೊರತು ಹೋಗಲಿಲ್ಲ. ಅಷ್ಟರಲ್ಲಿ ನನ್ನ ಮೊಬೈಲಿಗೆ ಇನ್ನೊಬ್ಬ ಪೂರೈಕೆದಾರ ಬಂದಿದ್ದ.

ಯಾರೋ ಕೊಟ್ಟ ಸಂಖ್ಯೆ. ಆತ ತಾನು ಇದೇ ಜಿಲ್ಲೆಯ ಬೆಳೆಗಾರನೆಂದೂ, ಮಧ್ಯವರ್ತಿಗಳಿಲ್ಲದ ಕಾರಣ ಕಿಲೋಗೆ 630ಕ್ಕೆ ಕೊಡುವೆನೆಂದೂ, ಹೊಸ ಕೊಯ್ಲಿನ ಮಾಲೆಂದೂ, ಐದು ಟನ್ ಬೇಕಾದರೂ ಸಿದ್ಧವಿದೆಯೆಂದೂ ಹೇಳಿದ. ಕಣದ ಮೇಲೆ ಹರಡಿದ ಮೆಣಸಿನ ಚಿತ್ರಗಳನ್ನು ಕಳುಹಿಸಿದ. ವಾಚಕರಲ್ಲಿ ತೋಟದ ಮನೆಯವರು ಇಷ್ಟರಲ್ಲೇ ನಕ್ಕಿರುತ್ತಾರೆ. ಕೊಡಗಿನಲ್ಲಿ ಮೆಣಸು ಕೊಯ್ಯುವುದು ಜನವರಿಯ ನಂತರ, ಕಾಫಿಯ ಗಲಾಟೆ ಮುಗಿಯುತ್ತ ಬಂದಾಗ. ನವೆಂಬರಿನಲ್ಲಿ ಬಳ್ಳಿಯ ಮೇಲಿರುವುದು ಹಸಿರು ಗೊಂಚಲು. ‘ಹೊಸ ಕೊಯ್ಲು’ ಎಂಬ ಎರಡು ಮಾತಿನಲ್ಲೇ ಆತ ಸಿಕ್ಕಿಬಿದ್ದಿದ್ದ, ಆದರೆ ಹಿಡಿಯುವವನು ಎಚ್ಚರವಾಗಿರಲಿಲ್ಲ. ಐದು ಟನ್ನಿನ ಮಾತೂ ಹಾಗೆಯೇ. ನಮ್ಮ ಕಡೆ ಕಾಫಿಯ ನಡುವೆ ಬೆಳೆದ ಬಳ್ಳಿಯೊಂದಕ್ಕೆ ಒಂದೆರಡು ಕಿಲೋ ಒಣಮೆಣಸು ಬಂದರೆ ಒಳ್ಳೆಯ ಲೆಕ್ಕ. ಐದು ಟನ್ ಎಂದರೆ ಸಾವಿರಾರು ಬಳ್ಳಿ. ಅಷ್ಟು ಬಳ್ಳಿಯಿದ್ದವನು ಐವತ್ತು ಕಿಲೋದ ನನ್ನ ಹಿಂದೆ ದಿನಕ್ಕೆ ಮೂರು ಸಲ ಯಾಕೆ ಫೋನು ಮಾಡುತ್ತಾನೆ?

ಆದರೆ ನಾನು ಆಗ್ಗೆ ಮಾದರಿಯ ಮೋಹದಲ್ಲಿದ್ದೆ. ಆತ ಒಂದು ಕಿಲೋ ಮೆಣಸನ್ನು ಮಾದರಿಯೆಂದು ಕೊರಿಯರಿನಲ್ಲಿ ಕಳುಹಿಸಿದ. ಅದನ್ನು ಪರೀಕ್ಷಿಸುವುದು ಹೇಗೆಂದು ನಾನು ಊರೆಲ್ಲ ವಿಚಾರಿಸಿ ಕಲಿತೆ. ಕಲಿತದ್ದು ಸುಳ್ಳಲ್ಲ, ಉಪಯೋಗವೂ ಆಯಿತು. ಅದಕ್ಕಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೆಣಸಿನ ವ್ಯಾಪಾರಿಗಳು ಮೊದಲು ಕೇಳುವುದು ಲೀಟರ್ ತೂಕ. ಒಂದು ಲೀಟರಿನ ಅಳತೆಯ ಪಾತ್ರೆಯನ್ನು ಮೆಣಸಿನಿಂದ ತುಂಬಿ, ಬಾಯಿಯನ್ನು ಪಟ್ಟಿಯಿಂದ ಸವರಿ, ಒಳಗಿರುವ ಕಾಳನ್ನು ತೂಗುವುದು. ಬಲಿತು ತುಂಬಿದ ಕಾಳಾದರೆ ಐನೂರೈವತ್ತು ಗ್ರಾಮಿನ ಸುತ್ತ ಬರುತ್ತದೆ. ಐನೂರಕ್ಕಿಂತ ಕೆಳಗೆ ಹೋದರೆ ಬಲಿಯುವ ಮುಂಚೆ ಕೊಯ್ದದ್ದು, ಇಲ್ಲವೆ ಜೊಳ್ಳು ಬೆರೆತದ್ದು ಎಂದು ಅನುಮಾನ. ನಾನು ಹಾಲಳೆಯುವ ಲೀಟರನ್ನೇ ಬಳಸಿದೆ. ಇದರಲ್ಲೊಂದು ಸೂಕ್ಷ್ಮವಿದೆ: ಪಾತ್ರೆಯನ್ನು ಕುಟ್ಟಿದರೆ, ಅಲುಗಿಸಿದರೆ, ಕಾಳು ಒತ್ತಾಗಿ ಕೂತು ತೂಕ ಹೆಚ್ಚು ಬರುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ಎತ್ತರದಿಂದ ಸುರಿಯಬೇಕು, ಮುಟ್ಟಬಾರದು, ಮೂರು ಸಲ ತೂಗಿ ಸರಾಸರಿ ತೆಗೆಯಬೇಕು. ಕೊರಿಯರಿನ ಮಾದರಿ 570 ಗ್ರಾಮ್ ಬಂತು. ನಾನು ಹಿಗ್ಗಿದೆ.

ಆಮೇಲೆ ನೀರು. ಒಂದು ಲೋಟ ನೀರಿಗೆ ಒಂದು ಹಿಡಿ ಮೆಣಸು ಹಾಕಿ ಕಲಕಿ ಬಿಟ್ಟರೆ ಗಟ್ಟಿ ಕಾಳು ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ, ಹಿಂದಿನಿಂದಲೂ ಮೆಣಸಿಗೆ ಬೆರೆಸುತ್ತ ಬಂದಿರುವ ಒಣಗಿದ ಪರಂಗಿ ಬೀಜವೂ ತೇಲುತ್ತದೆ. ತೇಲಿದ್ದನ್ನೆಲ್ಲ ಕೂಡಲೇ ಕೆಟ್ಟದ್ದೆನ್ನಬಾರದು. ಕಾಳಿನ ಸುಕ್ಕಿನಲ್ಲಿ ಗಾಳಿ ಸಿಕ್ಕಿಕೊಂಡು ಒಳ್ಳೆಯದೂ ಕೊಂಚ ಹೊತ್ತು ಮೇಲಿರುತ್ತದೆ. ಎರಡು ಮೂರು ಸಲ ಕಲಕಿ, ಆಮೇಲೂ ಮುಳುಗದ್ದನ್ನು ತೆಗೆದು ಬೆರಳಲ್ಲಿ ಒತ್ತಿ ನೋಡಬೇಕು; ಜೊಳ್ಳಾದರೆ ಪುಡಿಯಾಗುತ್ತದೆ. ಮೂಸುವುದೂ ಒಂದು ಪರೀಕ್ಷೆಯೇ. ಹೊಳಪು ಬರಲೆಂದೂ ಬೂಷ್ಟು ಕಾಣದಿರಲೆಂದೂ ಮೆಣಸಿಗೆ ಖನಿಜ ತೈಲ ಸವರುವುದುಂಟು. ಅಂಥದ್ದನ್ನು ಅಂಗೈಯಲ್ಲಿ ಉಜ್ಜಿದರೆ ಸೀಮೆಎಣ್ಣೆಯ ವಾಸನೆ ಬರುತ್ತದೆ. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಆಹಾರ ಸುರಕ್ಷತೆಯ ಅಧಿಕಾರಿಗಳು ಬೀಗಮುದ್ರೆ ಹಾಕಿದ್ದು ಈ ಎಣ್ಣೆಯ ಕಾರಣಕ್ಕೇ.

ಎಲ್ಲದರಲ್ಲೂ ಮಾದರಿ ಗೆದ್ದಿತು. ನಾನು ಅಂದೇ ಐವತ್ತು ಕಿಲೋಗೆ ಹಣ ಕಳುಹಿಸುವವನಿದ್ದೆ. ತಡೆದವಳು ಅವ್ವ. “ಹೆಣ್ಣು ನೋಡೋಕೆ ಹೋದಾಗ ಎಲ್ಲರ ಮನೇಲೂ ಪಾಯಸಾನೇ. ಐದು ಕಿಲೋ ತರಿಸು,” ಎಂದಳು. ಆತ ಮೊದಲು ಒಪ್ಪಲಿಲ್ಲ. ದರ ನಾಳೆ ಏರುತ್ತದೆ, ಇನ್ನೊಬ್ಬರು ಮುಂಗಡ ಕೊಟ್ಟಿದ್ದಾರೆ, ಐದು ಕಿಲೋ ಕಟ್ಟಲು ಆಳಿಲ್ಲ ಎಂದೆಲ್ಲ ಹೇಳಿ, ಕೊನೆಗೆ ಪೂರ್ತಿ ಹಣ ಮೊದಲೇ ಬರಬೇಕೆಂದು ಒಪ್ಪಿದ. 3,150 ರೂಪಾಯಿ ಕಳುಹಿಸಿದೆ.

ಆರನೆಯ ದಿನ ಚೀಲ ಬಂತು. ಅವ್ವ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ, ಹಾಗೇ ನಿಂತು, “ತಣ್ಣಗಿದೆ ಕಣೋ” ಎಂದಳು. ಒಣಗಿದ ಮೆಣಸನ್ನು ಅಲುಗಿಸಿದರೆ ಗಲಗಲ ಎನ್ನುತ್ತದೆ. ಇದು ಮುಜುಗರಪಟ್ಟುಕೊಂಡು ಸದ್ದು ಮಾಡಿತು. ಲೀಟರ್ ತೂಕ 485. ಅದೂ ತೇವದ ಭಾರ ಸೇರಿದ ಮೇಲೆ! ಇನ್ನೂರು ಗ್ರಾಮ್ ತೂಗಿ ತಟ್ಟೆಯಲ್ಲಿ ಹರಡಿ ಎರಡು ದಿನ ಬಿಸಿಲಿಗಿಟ್ಟೆ. ಮಾದರಿಯಲ್ಲಿ ಉಳಿದಿದ್ದ ಇನ್ನೂರು ಗ್ರಾಮನ್ನೂ ಅದರ ಪಕ್ಕದಲ್ಲೇ ಇಟ್ಟೆ. ಎರಡನೆಯ ಸಂಜೆ ಮಾದರಿ 199 ಇತ್ತು, ಚೀಲದ ಮೆಣಸು 191ಕ್ಕೆ ಇಳಿದಿತ್ತು. ಅಂಗಡಿಯ ತಕ್ಕಡಿ ತೋರಿಸುವಷ್ಟು ನಿಖರತೆಯಲ್ಲಿ ಹೇಳುವುದಾದರೆ, ಮೆಣಸಿನಲ್ಲಿ ನೂರಕ್ಕೆ ಹನ್ನೊಂದರಷ್ಟು ತೇವ ಇರಬಹುದಾದ ಕಡೆ ಇದರಲ್ಲಿ ಹದಿನೈದರಷ್ಟಿತ್ತು. ನೀರಿನ ಲೋಟದಲ್ಲಿ ನೂರಕ್ಕೆ ಎಂಟರಷ್ಟು ಜೊಳ್ಳು ಕಡೆಯವರೆಗೂ ತೇಲಿತು.

ಆ ರಾತ್ರಿ ಸಿಟ್ಟಿನಲ್ಲಿ ಕೂತು ಒಂದು ಲೆಕ್ಕ ಮಾಡಿದೆ. ಇದೇ ಮಾಲು ಐವತ್ತು ಕಿಲೋ ಬಂದಿದ್ದರೆ 31,500 ರೂಪಾಯಿ. ಒಣಗಿಸಿದರೆ ಎರಡೂಕಾಲು ಕಿಲೋ ನೀರಾಗಿ ಹೋಗಿ 47.75 ಕಿಲೋ ಉಳಿಯುತ್ತಿತ್ತು. ಅದರಲ್ಲಿ ಜೊಳ್ಳನ್ನು ತೆಗೆದರೆ 44 ಕಿಲೋ. ಅಂದರೆ ಮಾರಬಲ್ಲ ಮೆಣಸು ಕಿಲೋಗೆ ಸುಮಾರು 717 ರೂಪಾಯಿ ಬಿದ್ದಂತಾಯಿತು. ಮಂಡಿಯ ಸಾಹುಕಾರರ 710ಕ್ಕಿಂತಲೂ ಹೆಚ್ಚು. ಒಣಗಿಸದೆ ಪೊಟ್ಟಣ ಕಟ್ಟಿದ್ದರೆ ತಿಂಗಳೊಳಗೆ ಬೆಳ್ಳಗೆ ಬೂಷ್ಟು ಬಂದು, ಪ್ರವಾಸಿಗಳ ಶಾಪ ನಮ್ಮವ್ವನ ಅಂಗಡಿಗೆ ತಟ್ಟುತ್ತಿತ್ತು.

ಫೋನು ಮಾಡಿದೆ. ಎತ್ತಲಿಲ್ಲ. ಆಗಲೇ ನಾನು ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದ್ದು. ಚೀಲದ ಜೊತೆ ಬಂದ ಬಿಲ್ಲಿನಲ್ಲಿ ಹದಿನೈದು ಅಕ್ಷರ-ಅಂಕಿಗಳ ಜಿ.ಎಸ್.ಟಿ. ಸಂಖ್ಯೆ ಇತ್ತು. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು; ಕರ್ನಾಟಕಕ್ಕೆ 29. ಈ ಕೊಡಗಿನ ಬೆಳೆಗಾರನ ಬಿಲ್ಲು ಬೇರೊಂದು ರಾಜ್ಯದ ಅಂಕಿಯಿಂದ ಆರಂಭವಾಗಿತ್ತು. ಜಿ.ಎಸ್.ಟಿ.ಯ ಸರ್ಕಾರಿ ಜಾಲತಾಣದಲ್ಲಿ Search Taxpayer ಎಂಬಲ್ಲಿ ಸಂಖ್ಯೆಯನ್ನು ಹಾಕಿದರೆ, ನೋಂದಣಿ ಯಾರ ಹೆಸರಿನಲ್ಲಿದೆ, ಎಂದಿನಿಂದ, ಈಗ ಜೀವಂತವಿದೆಯೇ ಎಂಬುದೆಲ್ಲ ಯಾರಿಗಾದರೂ ಕಾಣುತ್ತದೆ, ಶುಲ್ಕವಿಲ್ಲ. ನನಗೆ ಕಂಡದ್ದು ಬೇರೆ ಯಾರದೋ ಹೆಸರು, ಅದರ ಮುಂದೆ Cancelled suo-moto ಎಂಬ ಎರಡು ಪದ. ನಾನು ಹಣ ಕಳುಹಿಸಿದಾಗ ಮೊಬೈಲಿನ ಪರದೆಯಲ್ಲಿ ಮೂಡಿದ್ದ ಹೆಸರು ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ಹತ್ತು ನಿಮಿಷದ ಕೆಲಸ. ಲೀಟರ್ ತೂಕದ ಪಾಂಡಿತ್ಯದಲ್ಲಿ ಮೈಮರೆತು ನಾನದನ್ನು ಬಿಟ್ಟಿದ್ದೆ. ಬಿಲ್ಲಿನ ಹೆಸರು, ನೋಂದಣಿಯ ಹೆಸರು, ಹಣ ಸೇರುವ ಖಾತೆಯ ಹೆಸರು, ಈ ಮೂರೂ ಒಂದೇ ಆಗಿರಬೇಕೆಂದು ಈಗ ನಾನು ಕೊಳ್ಳುವ ಮುನ್ನವೇ ನೋಡುತ್ತೇನೆ. ಒಂದು ರೂಪಾಯಿ ಕಳುಹಿಸಿದರೂ ಖಾತೆಯ ಹೆಸರು ತಿಳಿದುಹೋಗುತ್ತದೆ. ಆಹಾರ ಪದಾರ್ಥ ಮಾರುವವರ ಹದಿನಾಲ್ಕು ಅಂಕಿಯ ಎಫ್.ಎಸ್.ಎಸ್.ಎ.ಐ. ಸಂಖ್ಯೆಯನ್ನೂ ಹೀಗೆಯೇ ನೋಡಬಹುದು. ಆದರೆ ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಮನುಷ್ಯ ಸರಿಯೆನ್ನಲಾಗದು. ಇನ್ನೊಬ್ಬರ ಬಿಲ್ಲಿನಿಂದ ಸಂಖ್ಯೆಯನ್ನು ಎತ್ತಿ ಬರೆಯುವುದು ಕಷ್ಟವಲ್ಲ. ಖಾತೆಯ ಹೆಸರನ್ನು ಸೇರಿಸಿ ನೋಡುವುದು ಅದಕ್ಕಾಗಿಯೇ.

ಇಷ್ಟಾದ ಮೇಲೆ ಹಮಾಲಿಗಳು ಹೇಳಿದ್ದ ಮನೆಯ ನೆನಪಾಯಿತು. ಪೊನ್ನಂಪೇಟೆಯ ದಾರಿಯಲ್ಲಿ ಒಳಕ್ಕೆ ಎರಡು ಮೈಲಿ. ಹಾಲಿನ ಲೀಟರನ್ನೂ ತಕ್ಕಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಇನ್‌ಸ್ಪೆಕ್ಟರನಂತೆ ಹೋದೆ. ಮನೆಯ ಹಿರಿಯರು ಮಾರ್ಚಿಯಲ್ಲಿ ಒಣಗಿಸಿ, ದರ ಏರಲೆಂದು ಅಟ್ಟದಲ್ಲಿಟ್ಟಿದ್ದ ಚೀಲಗಳನ್ನು ತೋರಿಸಿದರು. ನಾನು ಕೇಳದೆಯೇ ಒಂದು ಚೀಲದ ಬಾಯಿಯಿಂದಲೂ, ಹೊಲಿಗೆ ಬಿಚ್ಚಿ ತಳದಿಂದಲೂ ಕಾಳು ತೆಗೆದುಕೊಟ್ಟರು. ಲೀಟರಿಗೆ 525 ಬಂತು. ಸುಟ್ಟ ಬೆಕ್ಕಿನಂತಿದ್ದ ನಾನು, “ಅಜ್ಜಾ, ಇದರಲ್ಲಿ ಜೊಳ್ಳು ಬಹಳ ಇದ್ದ ಹಾಗಿದೆ. 550 ಬರಬೇಕಿತ್ತು. ಏನಾದರೂ ಬೆರೆಸಿದ್ದೀರಾ?” ಎಂದುಬಿಟ್ಟೆ.

ಅವರು ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆಯಾಯಿತು. “ಜರಡಿ ಹಿಡಿದಿಲ್ಲ ಮಗನೇ ಇನ್ನೂ. ಕಡ್ಡಿ, ದೂಳು ಎಲ್ಲಾ ಇದೆ,” ಎಂದು ಒಳಗಿನಿಂದ ಜರಡಿಯನ್ನೂ ಮೊರವನ್ನೂ ತರಿಸಿದರು. ಅವರ ಸೊಸೆ ಎರಡು ಕಿಲೋ ಕೇರಿ ಜರಡಿ ಹಿಡಿದ ಮೇಲೆ ಮತ್ತೆ ಅಳೆದೆ: 560. ಅದೇ ಮೆಣಸು, ಅದೇ ಪಾತ್ರೆ. ಗೊಂಚಲಿನ ಕಡ್ಡಿ ಪಾತ್ರೆಯಲ್ಲಿ ಜಾಗವನ್ನು ಹಿಡಿಯುತ್ತದೆ, ತೂಗುವುದಿಲ್ಲ. ಕೇರಿ ಶುಚಿ ಮಾಡದ ಮೆಣಸಿಗೂ ಜೊಳ್ಳು ಮೆಣಸಿಗೂ ಲೀಟರು ಒಂದೇ ಉತ್ತರವನ್ನು ಹೇಳಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

“ಇದು ನಿಮ್ಮದೇ ತೋಟದ್ದೆಂದು ಹೇಗೆ ನಂಬಲಿ?” ಎಂದು ಕೇಳಬೇಕಿದ್ದ ಮಾತನ್ನು ಬಾಯಿಬಿಟ್ಟು ಕೇಳಲು ಧೈರ್ಯ ಬರಲಿಲ್ಲ. ಅವರೇ ತಿಳಿದುಕೊಂಡರು. 2017ರಲ್ಲಿ ವಿಯೆಟ್ನಾಮಿನ ಮೆಣಸನ್ನು ನಮ್ಮೂರ ಎ.ಪಿ.ಎಂ.ಸಿ.ಗೆ ತಂದು ಕೊಡಗಿನದರೊಡನೆ ಬೆರೆಸುತ್ತಿದ್ದಾರೆಂಬ ಆಪಾದನೆ ಎದ್ದು, ಬೆಳೆಗಾರರು ಬೀದಿಗಿಳಿದದ್ದನ್ನು ಅವರು ನೆನೆದರು. ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ದರ ಗೊತ್ತುಮಾಡಿತು. “ಬೆರೆತ ಮೇಲೆ ಕಾಳು ನೋಡಿ ಊರು ಹೇಳೋಕೆ ನನ್ನಿಂದಲೂ ಆಗೋದಿಲ್ಲ. ಬಾ, ಬಳ್ಳಿ ನೋಡು,” ಎಂದು ತೋಟಕ್ಕೆ ಕರೆದೊಯ್ದರು. ಸಿಲ್ವರ್ ಮರಗಳ ಮೇಲೆ ನಾನೂರರಷ್ಟು ಬಳ್ಳಿ. ಗೊಂಚಲು ಇನ್ನೂ ಹಸಿರು. ಹಿಂದಿನ ಮೂರು ವರ್ಷ ಮಂಡಿಗೆ ಹಾಕಿದ ಮೆಣಸಿನ ಚೀಟಿಗಳನ್ನೂ ತೋರಿಸಿದರು. ವರ್ಷಕ್ಕೆ ಐದಾರು ಕ್ವಿಂಟಾಲು. ಬಳ್ಳಿಯ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ತಾಳೆಯಾಯಿತು. ಅವರಿಗೆ ಜಿ.ಎಸ್.ಟಿ. ಸಂಖ್ಯೆ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಬೆಳೆಗಾರನು ತಾನು ಬೆಳೆದ ಮೆಣಸನ್ನು ಹಸಿಯಾಗಲಿ ಒಣಗಿಸಿಯಾಗಲಿ ಮಾರಿದರೆ ತೆರಿಗೆಯಿಲ್ಲವೆಂದು 2024ರ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಸ್ಪಷ್ಟಪಡಿಸಿತು. ಸಂಖ್ಯೆಯಿಲ್ಲದ ನಿಜವಾದ ಬೆಳೆಗಾರ ಒಬ್ಬ, ಸಂಖ್ಯೆಯಿದ್ದ ಸುಳ್ಳು ಬೆಳೆಗಾರ ಇನ್ನೊಬ್ಬ! ಎರಡನ್ನೂ ಒಂದೇ ತಿಂಗಳಲ್ಲಿ ಕಂಡೆ.

ದರ 690. ಮಂಡಿ ಕೊಡುವುದಕ್ಕಿಂತ ಅವರಿಗೆ ಇಪ್ಪತ್ತು ಹೆಚ್ಚು, ನಮಗೆ ಮಂಡಿಗಿಂತ ಇಪ್ಪತ್ತು ಕಡಿಮೆ. ಮೊದಲು ಐದು ಕಿಲೋ ತಂದು ಪೊಟ್ಟಣ ಕಟ್ಟಿ ಹದಿನೈದು ದಿನ ಇಟ್ಟು ನೋಡಿದೆವು. ಬೂಷ್ಟಿಲ್ಲ, ತೂಕ ಇಳಿಯಲಿಲ್ಲ. ಆಮೇಲೆ ಐವತ್ತು ಕಿಲೋಗೆ ಮಾತಾಯಿತು. ನೋಟುಪುಸ್ತಕದ ಹಾಳೆಯ ಮೇಲೆ ನಾನು ಬರೆದೆ: ಕೇರಿ ಜರಡಿ ಹಿಡಿದ ಮಾಲು, ಲೀಟರಿಗೆ 550ಕ್ಕೆ ಕಡಿಮೆಯಿಲ್ಲ, ಗೋಣಿಯ ತೂಕ ಕಳೆದು ಲೆಕ್ಕ, ಅರ್ಧ ಹಣ ಅಲ್ಲಿ, ಅರ್ಧ ನಮ್ಮ ಅಂಗಡಿಯಲ್ಲಿ ಇಳಿಸಿ ಅಳೆದ ಮೇಲೆ. ಒಪ್ಪಿದ ಮಾಲಿನ ಕಾಳನ್ನು ಎರಡು ಬಾಟಲಿಗಳಿಗೆ ತುಂಬಿ, ಮುಚ್ಚಳದ ಮೇಲೆ ಕಾಗದ ಅಂಟಿಸಿ, ಇಬ್ಬರೂ ಸಹಿ ಮಾಡಿ ಒಂದೊಂದು ಇಟ್ಟುಕೊಂಡೆವು. ಜಗಳ ಬಂದರೆ ಯಾವ ಮೆಣಸಿನ ಬಗ್ಗೆ ಮಾತಾಗಿತ್ತೆಂದು ಬಾಟಲಿ ಹೇಳಲಿ ಎಂದು ಈ ಏರ್ಪಾಡು. ಅಜ್ಜ ಸಹಿ ಹಾಕುವಾಗ, “ಮಗಳ ಮದುವೆಗೂ ಇಷ್ಟು ಬರೆಸಿರಲಿಲ್ಲ” ಎಂದರು.

ಡಿಸೆಂಬರ್ ಮೊದಲ ವಾರ ಜೀಪಿನಲ್ಲಿ ಚೀಲ ಬಂತು. ನಾನು ಲೀಟರನ್ನು ಹುಡುಕುವಷ್ಟರಲ್ಲಿ ಅವ್ವ ಹೊಲಿಗೆ ಬಿಚ್ಚಿ ತಳದವರೆಗೆ ಕೈ ಇಳಿಸಿ ಅಜ್ಜನಿಗೆ ಚಹ ಮಾಡಲು ಒಳಗೆ ಹೋಗಿದ್ದಳು. ಆದರೂ ಅಳೆದೆ, 555. ಉಳಿದ ಅರ್ಧ ಹಣ 17,250ನ್ನು ಎಣಿಸಿ ಕೊಟ್ಟೆ. ಸಾಲದ ದುಡ್ಡಿನಲ್ಲಿ ಐನೂರು ಉಳಿಯಬೇಕಿತ್ತು. ಐದು ಕಿಲೋದ ಆ 3,150 ಅದನ್ನು ನುಂಗಿ, ಮೇಲೆ 2,650 ರೂಪಾಯಿ ನನ್ನ ವಿದ್ಯಾರ್ಥಿವೇತನದಿಂದಲೂ ಹೋಯಿತು.

ಆ ಐದು ಕಿಲೋವನ್ನು ಅವ್ವ ಎಸೆಯಲು ಬಿಡಲಿಲ್ಲ. ಒಣಗಿಸಿ, ಕೇರಿ, ಜೊಳ್ಳು ತೆಗೆದು ಮನೆಯ ಸಾರಿಗೆ ಬಳಸುತ್ತಿದ್ದಾಳೆ. ಇಂದಿಗೂ ಮುಗಿದಿಲ್ಲ. ಸಾರು ಬಡಿಸುವಾಗಲೆಲ್ಲ ನನ್ನ ಎಲೆಗೆ ಒಂದು ಸೌಟು ಹೆಚ್ಚಾಗಿಯೇ ಬೀಳುತ್ತದೆ.